ಐವತ್ತು ಐವತ್ತು ಎಂಬ ಸಮಪಾಲಿನ ಭ್ರಮೆ

ಎಂಜಿನಿಯರಿಂಗ್ ರ‍್ಯಾಂಕ್‌ಗೆ ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಪಿಯುಸಿ ಓದುವ ಮಗುವಿರುವ ಮನೆಯಲ್ಲಿ ಈ ಮಾತು ಗೊತ್ತಿಲ್ಲದವರಿಲ್ಲ. ಈ ಬಗ್ಗೆ ನಡೆಯುವ ವಾದವೆಲ್ಲ ಪ್ರಮಾಣದ ಸುತ್ತಲೇ ಸುತ್ತುತ್ತದೆ. ಪಿಯುಸಿಗೆ ಅರ್ಧ ಜಾಸ್ತಿಯಾಯಿತು ಎಂದು ಕೆಲವರು, ತರಗತಿ ಪಾಠಕ್ಕೆ ಬೆಲೆ ಉಳಿಯಬೇಕಾದರೆ ಅರ್ಧವಾದರೂ ಇರಲೇಬೇಕು ಎಂದು ಇನ್ನು ಕೆಲವರು. ಎರಡೂ ಕಡೆಯವರು ಒಂದು ವಿಷಯವನ್ನು ಮಾತ್ರ ಪ್ರಶ್ನೆಯಿಲ್ಲದೆ ಒಪ್ಪಿಕೊಂಡಿದ್ದಾರೆ: ಶೇ. 50 ಎಂದು ನಿಯಮದಲ್ಲಿ ಬರೆದ ಮೇಲೆ ಆ ಪರೀಕ್ಷೆ ಫಲಿತಾಂಶದ ಅರ್ಧವನ್ನು ನಿರ್ಧರಿಸುತ್ತದೆ ಎಂಬುದನ್ನು. ನನ್ನ ತಕರಾರು ಇರುವುದು ಅಲ್ಲಿಯೇ. ಆ ನಂಬಿಕೆ ತಪ್ಪು, ಅದೂ ಸಣ್ಣ ಪ್ರಮಾಣದ ತಪ್ಪಲ್ಲ.

ಲೆಕ್ಕವನ್ನೇ ಮುಂದಿಟ್ಟು ಮಾತಾಡೋಣ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಸೇರಿ 300 ಅಂಕ. ಸಿಇಟಿಯಲ್ಲಿ ಅವೇ ಮೂರು ವಿಷಯಕ್ಕೆ ತಲಾ 60ರಂತೆ 180. ಎರಡನ್ನೂ ಶೇಕಡಾಕ್ಕೆ ತಂದು, ಅರ್ಧ ಅರ್ಧ ಮಾಡಿ ಕೂಡಿಸುತ್ತಾರೆ. ಐದು ಮಂದಿಯನ್ನು ಊಹಿಸಿಕೊಳ್ಳಿ. ಅನಿತಾಗೆ ಪಿಯುಸಿಯಲ್ಲಿ 294, ಅಂದರೆ ಶೇ. 98, ಸಿಇಟಿಯಲ್ಲಿ 72, ಅಂದರೆ ಶೇ. 40. ಬಸವರಾಜನಿಗೆ 96 ಮತ್ತು 50. ಚೇತನನಿಗೆ 94 ಮತ್ತು 60. ದೀಪಾಗೆ 92 ಮತ್ತು 70. ಇರ್ಫಾನ್‌ಗೆ 90 ಮತ್ತು 80. ಪಿಯುಸಿಯ ಸಾಲು ಸಿಇಟಿಯಲ್ಲಿ ಪೂರ್ತಿ ತಿರುಗಿ ನಿಂತಿರುವ ಹಾಗೆ ಬೇಕೆಂದೇ ಆರಿಸಿದ್ದೇನೆ. ಎರಡು ಪರೀಕ್ಷೆಗಳೂ ನಿಜಕ್ಕೂ ಸಮಬಲದವಾಗಿದ್ದರೆ ಈ ಐವರೂ ಒಂದೇ ಕಡೆ ಬಂದು ನಿಲ್ಲಬೇಕಿತ್ತು, ಯಾರಿಗೂ ಯಾರ ಮೇಲೂ ಮೇಲುಗೈ ಇರಬಾರದಿತ್ತು.

ಕೂಡಿಸಿ ನೋಡಿ. ಅನಿತಾಗೆ 49 ಮತ್ತು 20, ಒಟ್ಟು 69. ಬಸವರಾಜನಿಗೆ 73. ಚೇತನನಿಗೆ 77. ದೀಪಾಗೆ 81. ಇರ್ಫಾನ್‌ಗೆ 45 ಮತ್ತು 40, ಒಟ್ಟು 85. ಅಂತಿಮ ಪಟ್ಟಿ ಸಿಇಟಿ ಪಟ್ಟಿಯದೇ ಪಡಿಯಚ್ಚು. ಪಿಯುಸಿಯಲ್ಲಿ ಎಲ್ಲರಿಗಿಂತ ಮುಂದಿದ್ದವಳು ಕೊನೆಗೆ ಬಿದ್ದಳು, ಕೊನೆಯಲ್ಲಿದ್ದವನು ಮೊದಲಿಗನಾದ. ಅರ್ಧ ತೂಕ ಪಡೆದ ಪಿಯುಸಿ ಇಲ್ಲಿ ಯಾರನ್ನೂ ಒಂದು ಸ್ಥಾನವೂ ಮೇಲೆತ್ತಲಿಲ್ಲ.

ಹಾಗಾದರೆ ಪಿಯುಸಿಯ ತೂಕ ಹೆಚ್ಚಿಸೋಣ ಎನ್ನುತ್ತೀರಾ? ಪಿಯುಸಿಗೆ 75, ಸಿಇಟಿಗೆ 25 ಕೊಡಿ. ಅನಿತಾಗೆ 83.5, ಇರ್ಫಾನ್‌ಗೆ 87.5. ನಡುವಿನವರೂ ಮೊದಲಿದ್ದ ಕ್ರಮದಲ್ಲೇ ಇದ್ದಾರೆ. ಮುಕ್ಕಾಲು ಪಾಲು ಪಿಯುಸಿಗೆ ಬರೆದುಕೊಟ್ಟ ಮೇಲೂ ಪಟ್ಟಿ ಮಾಡುತ್ತಿರುವುದು ಸಿಇಟಿಯೇ. ಐವರೂ ಸಮನಾಗುವುದು ಪಿಯುಸಿಗೆ ಸುಮಾರು 83, ಸಿಇಟಿಗೆ ಸುಮಾರು 17 ಕೊಟ್ಟಾಗ. ಆಗ ಎಲ್ಲರಿಗೂ 88.3 ಬರುತ್ತದೆ. ಈ ಐವರ ಮಟ್ಟಿಗೆ ಸಮಪಾಲು ಎಂದರೆ 83ಕ್ಕೆ 17, ಐವತ್ತಕ್ಕೆ ಐವತ್ತಲ್ಲ.

ಹೀಗಾಗಲು ಕಾರಣ ಅಂಕಗಳ ಹರಹು. ಈ ಐವರ ಪಿಯುಸಿ ಅಂಕ 90ರಿಂದ 98ರ ಒಳಗೇ ಇದೆ, ಎಂಟೇ ಮೆಟ್ಟಿಲು. ಸಿಇಟಿ ಅಂಕ 40ರಿಂದ 80ರವರೆಗೆ ಹರಡಿದೆ, ನಲವತ್ತು ಮೆಟ್ಟಿಲು. ಒಬ್ಬರನ್ನು ಇನ್ನೊಬ್ಬರಿಂದ ದೂರ ನಿಲ್ಲಿಸುವುದು ಅಂಕಗಳ ನಡುವಿನ ಅಂತರ. ಅಂಕ ಎಷ್ಟು ದೊಡ್ಡದು ಎಂಬುದರಿಂದ ಅಲ್ಲಿ ಏನೂ ಆಗುವುದಿಲ್ಲ. ಎಲ್ಲರಿಗೂ 90ರ ಮೇಲೆಯೇ ಸಿಕ್ಕಿದ್ದರೆ ಆ 90 ಎಲ್ಲರ ಮೊತ್ತದಲ್ಲೂ ಸಮನಾಗಿ ಕೂತಿರುತ್ತದೆ, ಯಾರನ್ನೂ ಯಾರಿಂದಲೂ ಬೇರ್ಪಡಿಸುವುದಿಲ್ಲ. ಹರಹನ್ನು ಅಳೆಯಲು ಮಾನಕ ವಿಚಲನೆ ಎಂಬ ಹಳೆಯ ಅಳತೆಯಿದೆ. ಸರಾಸರಿಯಿಂದ ಅಂಕಗಳು ಸಾಮಾನ್ಯವಾಗಿ ಎಷ್ಟು ದೂರ ಸರಿದಿವೆ ಎಂದು ಅದು ಹೇಳುತ್ತದೆ. ನಮ್ಮ ಐವರಲ್ಲಿ ಪಿಯುಸಿಯದು 2.83, ಸಿಇಟಿಯದು 14.14, ಸರಿಯಾಗಿ ಐದು ಪಟ್ಟು. ಒಂದು ಪರೀಕ್ಷೆಗೆ ಅಂತಿಮ ಪಟ್ಟಿಯ ಮೇಲಿರುವ ಹಿಡಿತ ತಿಳಿಯಬೇಕಾದರೆ ನಿಯಮದ ತೂಕವನ್ನು ಈ ಹರಹಿನಿಂದ ಗುಣಿಸಬೇಕು. ನಿಯಮ ಬರೆಯುವವರು ಮೊದಲನೆಯ ಸಂಖ್ಯೆಗಾಗಿ ದಿನಗಟ್ಟಲೆ ಹಗ್ಗಜಗ್ಗಾಟ ಆಡುತ್ತಾರೆ, ಎರಡನೆಯದನ್ನು ಕೇಳುವುದೇ ಇಲ್ಲ.

50:50 ಎಂಬ ನಿಯಮ ನಿಜಕ್ಕೂ ಹೇಳುವುದೇನು? ಅದು ಒಂದು ವಿನಿಮಯ ದರ, ಅಷ್ಟೇ. ಪಿಯುಸಿಯ ಒಂದು ಶೇಕಡಾ ಸಿಇಟಿಯ ಒಂದು ಶೇಕಡಾಕ್ಕೆ ಸಮ ಎನ್ನುತ್ತದೆ. ಅಂಕಗಳಲ್ಲಿ ಹೇಳುವುದಾದರೆ ಪಿಯುಸಿಯ 3 ಅಂಕಕ್ಕೆ ಸಿಇಟಿಯ 1.8 ಅಂಕ, ಇನ್ನೂ ಸಲೀಸಾಗಿ, ಪಿಯುಸಿಯ ಐದು ಅಂಕಕ್ಕೆ ಸಿಇಟಿಯ ಮೂರು ಪ್ರಶ್ನೆ. ಎರಡಕ್ಕೂ ಸಮಾನ ಮಹತ್ವ ಕೊಟ್ಟಿದ್ದೇವೆ ಎಂಬ ಮಾತು ಇದರಲ್ಲಿ ಎಲ್ಲೂ ಇಲ್ಲ. ಅದನ್ನು ನಾವು ಕಲ್ಪಿಸಿಕೊಂಡು ಸೇರಿಸಿದ್ದೇವೆ.

ಮಕ್ಕಳು ನಮಗಿಂತ ಚುರುಕು, ಈ ದರ ಅವರಿಗೆ ಗೊತ್ತು. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ವಿಷಯಕ್ಕೆ 94 ತೆಗೆದ ಹುಡುಗಿಯ ಮುಂದೆ ಎರಡು ದಾರಿ ಇವೆ ಎಂದುಕೊಳ್ಳಿ. ಪಿಯುಸಿಯಲ್ಲಿ ಪ್ರತಿ ವಿಷಯಕ್ಕೆ ಇನ್ನು ಆರು ಅಂಕ ಮಾತ್ರ ಬಾಕಿ. ಎಷ್ಟೇ ಹೊತ್ತು ಓದಿದರೂ ನೂರರ ಮೇಲೆ ಜಾಗವಿಲ್ಲ. ಸಿಇಟಿಯಲ್ಲಿ ಅರವತ್ತಕ್ಕೆ 36 ಬರುತ್ತಿದ್ದರೆ ಇನ್ನೂ 24 ಪ್ರಶ್ನೆ ಕೈಗೆ ಸಿಗಬೇಕಿದೆ. ಅವಳು ಸಂಜೆಯ ಸಮಯವನ್ನು ಯಾವುದಕ್ಕೆ ಕೊಡುತ್ತಾಳೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಪಿಯುಸಿ ಅಂಕ ಸೇರಿಸಿರುವುದೇ ಮಕ್ಕಳು ತರಗತಿ ಬಿಟ್ಟು ಕೋಚಿಂಗ್ ಹಿಂದೆ ಓಡದಿರಲಿ ಎಂದು, ಎಂಬ ಸಮರ್ಥನೆಯನ್ನು ಪದೇ ಪದೇ ಕೇಳುತ್ತೇವೆ. ಉದ್ದೇಶ ಒಳ್ಳೆಯದೇ. ಆದರೆ ತುದಿಯಲ್ಲಿ ಓಡುವ ಮಕ್ಕಳನ್ನು ಆ ಅರ್ಧ ತಡೆಯುವುದಿಲ್ಲ, ಏಕೆಂದರೆ ಅವರಿರುವ ಎತ್ತರದಲ್ಲಿ ಅದು ಅರ್ಧವಾಗಿಯೇ ಇಲ್ಲ.

ಇಲ್ಲೊಂದು ಆಕ್ಷೇಪ ಬರುತ್ತದೆ. ನೀವು ಆರಿಸಿದ ಐವರು ಅಸಹಜ, ನಿಜ ಜೀವನದಲ್ಲಿ ಪಿಯುಸಿಯಲ್ಲಿ ಮುಂದಿರುವವರೇ ಬಹುಪಾಲು ಸಿಇಟಿಯಲ್ಲೂ ಮುಂದಿರುತ್ತಾರೆ ಎಂದು. ಒಪ್ಪುತ್ತೇನೆ, ಮುಂದಿರುತ್ತಾರೆ. ಹಾಗಿರುವ ಮಕ್ಕಳ ಮಟ್ಟಿಗೆ ತೂಕ ಎಷ್ಟಿಟ್ಟರೂ ವ್ಯತ್ಯಾಸವಿಲ್ಲ. 50:50, 80:20, ಯಾವುದಾದರೂ ಅವರ ಸ್ಥಾನ ಹೆಚ್ಚುಕಡಿಮೆ ಅದೇ. ತೂಕ ಎಂಬ ಮಾತಿಗೆ ಅರ್ಥ ಬರುವುದು ಒಂದರಲ್ಲಿ ಮೇಲೆ, ಇನ್ನೊಂದರಲ್ಲಿ ಕೆಳಗೆ ಇರುವ ಮಕ್ಕಳ ವಿಷಯದಲ್ಲಿ ಮಾತ್ರ. ಕೋಚಿಂಗ್ ಸಿಗದ ಊರಿನಲ್ಲಿ ಪಠ್ಯಪುಸ್ತಕವನ್ನು ಅರೆದು ಕುಡಿದು 98 ತೆಗೆದವಳು ಅಂಥವಳು. ನಿಯಮ ನ್ಯಾಯ ಹೇಳಬೇಕಾದ ಪ್ರಕರಣವೇ ಅವಳದು, ಅಲ್ಲಿಯೇ ಅದು ಹೇಳಿದ್ದೊಂದು ಮಾಡಿದ್ದೊಂದು.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಸಿಇಟಿ ಬರೆಯುವ ಎಲ್ಲರನ್ನೂ ತೆಗೆದುಕೊಂಡರೆ ಪಿಯುಸಿ ಅಂಕವೇನೂ ಎಂಟು ಮೆಟ್ಟಿಲಲ್ಲಿ ಮುದುಡಿಕೊಂಡಿಲ್ಲ, ಐವತ್ತರಿಂದ ನೂರರವರೆಗೂ ಹರಡಿದೆ ಎನ್ನಬಹುದು. ನಿಜ. ಅದರಿಂದಾಗುವ ಪರಿಣಾಮ ಮಾತ್ರ ನಿಯಮದ ಪರ ವಾದಿಸುವವರಿಗೆ ಅನುಕೂಲವಾಗಿಲ್ಲ. ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಪ್ರತಿ ಪ್ರಶ್ನೆಗೂ ನಾಲ್ಕು ಆಯ್ಕೆ. ಏನೂ ಓದದೆ ಸುಮ್ಮನೆ ಊಹಿಸಿ ಗುರುತು ಹಾಕುತ್ತ ಹೋದರೂ ಸರಾಸರಿ 180ಕ್ಕೆ 45 ಬರುತ್ತದೆ. ಹಾಗಾಗಿ ಪಟ್ಟಿಯ ಕೆಳಭಾಗದಲ್ಲಿ ಮುದುಡುವುದು ಸಿಇಟಿ. ಒಬ್ಬನಿಗೆ ಪಿಯುಸಿಯಲ್ಲಿ ಶೇ. 60, ಸಿಇಟಿಯಲ್ಲಿ 54 ಅಂಕ, ಇನ್ನೊಬ್ಬನಿಗೆ ಶೇ. 75 ಮತ್ತು 45 ಅಂಕ. ಮೊದಲನೆಯವನ ಮೊತ್ತ 45, ಎರಡನೆಯವನದು 50. ಇಲ್ಲಿ ಪಿಯುಸಿ ತೀರ್ಪು ಹೇಳಿತು, ಸಿಇಟಿಯ ಮೇಲುಗೈ ಕೊಚ್ಚಿಹೋಯಿತು. ಒಂದೇ ನಿಯಮ, ಒಂದೇ ವರ್ಷ. ಪಟ್ಟಿಯ ನೆತ್ತಿಯಲ್ಲಿ ಅದು ಸಿಇಟಿಯ ನಿಯಮ, ತಳದಲ್ಲಿ ಪಿಯುಸಿಯ ನಿಯಮ. ಬೇಡಿಕೆಯ ಕಾಲೇಜಿನ ಕಂಪ್ಯೂಟರ್ ಸೈನ್ಸ್ ಸೀಟಿಗೂ ಕೊನೆಯ ಸುತ್ತಿನವರೆಗೆ ಖಾಲಿ ಉಳಿಯುವ ಸೀಟಿಗೂ ಮಕ್ಕಳನ್ನು ಆರಿಸುತ್ತಿರುವುದು ಬೇರೆ ಬೇರೆ ಪರೀಕ್ಷೆಗಳು. ಯಾವ ಸಮಿತಿಯೂ ಕೂತು ತೀರ್ಮಾನಿಸಿದ ನೀತಿಯಲ್ಲ ಇದು, ತಾನಾಗಿ ಆಗುತ್ತಿರುವುದು.

ಹರಹಿನ ತೊಂದರೆಯ ಪಕ್ಕದಲ್ಲೇ ಸರಾಸರಿಯ ತೊಂದರೆಯೂ ಇದೆ. ಎರಡನ್ನೂ ಬೆರೆಸಿ ಮಾತಾಡುವುದರಿಂದ ಗೊಂದಲ ಹೆಚ್ಚುತ್ತದೆ. 2022ರಲ್ಲಿ ನಡೆದದ್ದನ್ನು ನೆನಪಿಸಿಕೊಳ್ಳಿ. ಕೋವಿಡ್‌ನಿಂದಾಗಿ 2021ರ ದ್ವಿತೀಯ ಪಿಯುಸಿ ಪರೀಕ್ಷೆ ರದ್ದಾಗಿ, ಎಸ್ಸೆಸ್ಸೆಲ್ಸಿಯ ಶೇ. 45, ಪ್ರಥಮ ಪಿಯುಸಿಯ ಶೇ. 45, ದ್ವಿತೀಯ ಪಿಯುಸಿಯ ಆಂತರಿಕ ಮೌಲ್ಯಮಾಪನದ ಶೇ. 10 ಸೇರಿಸಿ ಫಲಿತಾಂಶ ಕೊಟ್ಟರು. ಅದೂ ತೂಕದ ಮೊತ್ತವೇ. ಎಲ್ಲರೂ ಪಾಸಾದರು, ಎರಡು ಸಾವಿರಕ್ಕೂ ಹೆಚ್ಚು ಮಂದಿಗೆ 600ಕ್ಕೆ 600 ಬಂತು. ಆ ವರ್ಷ ಸಿಇಟಿ ಅಂಕದಿಂದಷ್ಟೇ ರ‍್ಯಾಂಕ್ ಕೊಟ್ಟು ಕೈತೊಳೆದುಕೊಂಡರು. ಮರುವರ್ಷ ಅದೇ ತಂಡದ ಸುಮಾರು 24 ಸಾವಿರ ಮಂದಿ ಮತ್ತೆ ಸಿಇಟಿ ಬರೆದು, ತಮ್ಮ ಪಿಯುಸಿ ಅಂಕಕ್ಕೂ ಅರ್ಧ ತೂಕ ಬೇಕೆಂದರು. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಒಪ್ಪಲಿಲ್ಲ. ಹೈಕೋರ್ಟಿನ ಏಕಸದಸ್ಯ ಪೀಠ ಅರ್ಧ ಕೊಡಿ ಎಂದಿತು, ಮೇಲ್ಮನವಿಯಾಯಿತು, ಕೊನೆಗೆ ತಜ್ಞರ ಸಮಿತಿಯೊಂದರ ಸೂತ್ರಕ್ಕೆ ವಿಭಾಗೀಯ ಪೀಠ ಸಮ್ಮತಿಸಿತು: ಆ ತಂಡದವರ ಪಿಯುಸಿ ಅಂಕದಲ್ಲಿ ವಿಷಯಕ್ಕೆ ಸರಾಸರಿ ಆರರಂತೆ ಕಳೆಯುವುದು.

ಕೇಳುವುದಕ್ಕೆ ಆರು ಅಂಕ ಅಲ್ಪ. ಲೆಕ್ಕ ಬಿಡಿಸಿದರೆ ಮೂರು ವಿಷಯಕ್ಕೆ 18. ಮುನ್ನೂರಕ್ಕೆ ಅದು ಶೇ. 6, ಅರ್ಧ ತೂಕದಲ್ಲಿ ಅಂತಿಮ ಮೊತ್ತದ ಮೂರು ಅಂಶ. ಸಿಇಟಿಯಲ್ಲಿ ಅದನ್ನು ತುಂಬಿಕೊಳ್ಳಲು ಸುಮಾರು ಹನ್ನೊಂದು ಪ್ರಶ್ನೆ ಹೆಚ್ಚಿಗೆ ಸರಿಯಾಗಬೇಕು. ರ‍್ಯಾಂಕಿನ ನೆತ್ತಿಯಲ್ಲಿ ಹನ್ನೊಂದು ಪ್ರಶ್ನೆಯ ಬೆಲೆ ಏನೆಂದು ಆ ವರ್ಷ ಬರೆದ ಯಾರನ್ನಾದರೂ ಕೇಳಿ.

ಆ ಕಳೆಯುವಿಕೆ ಅನ್ಯಾಯ ಎಂದು ನಾನು ಹೇಳುತ್ತಿಲ್ಲ. ಪರೀಕ್ಷೆಯಿಲ್ಲದೆ ಬಂದ ಅಂಕವನ್ನೂ ಪರೀಕ್ಷೆ ಬರೆದು ಬಂದ ಅಂಕವನ್ನೂ ಹಾಗೆಯೇ ಕೂಡಿಸುವುದು ಅದಕ್ಕಿಂತ ದೊಡ್ಡ ಅನ್ಯಾಯವಾಗುತ್ತಿತ್ತು. ಗಮನಿಸಬೇಕಾದದ್ದು ಬೇರೆ. ಎಲ್ಲರಿಂದಲೂ ಸಮನಾಗಿ ಕಳೆದರೆ ತಂಡದ ಸರಾಸರಿ ಕೆಳಗಿಳಿಯುತ್ತದೆ, ತಂಡದ ಒಳಗಿನ ಹರಹು ಇದ್ದ ಹಾಗೆಯೇ ಉಳಿಯುತ್ತದೆ. ನೂರಕ್ಕೆ ನೂರು ಪಡೆದು ಒಂದೇ ಕಡೆ ನಿಂತಿದ್ದವರು ಈಗ 94ರಲ್ಲಿ ಒಂದೇ ಕಡೆ ನಿಂತರು. ಅಂದರೆ ಎರಡು ತಂಡಗಳ ನಡುವಿನ ತಕರಾರು ಅಷ್ಟರಮಟ್ಟಿಗೆ ತೀರಿತು, ಪಿಯುಸಿಯ ಹಿಡಿತ ಒಂದಿಷ್ಟೂ ಬದಲಾಗಲಿಲ್ಲ. ನ್ಯಾಯಾಲಯದ ಮೆಟ್ಟಿಲೇರಿದ ಮೇಲಷ್ಟೇ ನಮ್ಮ ವ್ಯವಸ್ಥೆ ಒಂದು ಸತ್ಯವನ್ನು ಒಪ್ಪಿಕೊಂಡಿತು: ಒಂದು ಪರೀಕ್ಷೆಯ 90ಕ್ಕೂ ಇನ್ನೊಂದು ಪರೀಕ್ಷೆಯ 90ಕ್ಕೂ ಒಂದೇ ಬೆಲೆಯಿಲ್ಲ. ಒಪ್ಪಿಕೊಂಡದ್ದನ್ನು ಆ ತಂಡಕ್ಕೆ ಮಾತ್ರ ಅನ್ವಯಿಸಿ ಕಡತ ಮುಚ್ಚಿದರು. ರಾಜ್ಯದ ಪಿಯು ಮಂಡಳಿಯ ಶೇಕಡಾ, ಸಿಬಿಎಸ್‌ಇಯ ಶೇಕಡಾ, ಐಎಸ್‌ಸಿಯ ಶೇಕಡಾ ಎಲ್ಲವೂ ಒಂದೇ ಎಂಬಂತೆ ಒಂದೇ ಪಟ್ಟಿಗೆ ಬಂದು ಬೀಳುವಾಗ ಆ ಸತ್ಯ ಯಾರಿಗೂ ನೆನಪಾಗುವುದಿಲ್ಲ.

ಬೇರೆ ದಾರಿಯೇ ಇರಲಿಲ್ಲ ಎನ್ನುವಂತಿಲ್ಲ. 2013ರಿಂದ 2016ರವರೆಗೆ ಜೆಇಇ ಮೇನ್ ರ‍್ಯಾಂಕಿನಲ್ಲಿ ಹನ್ನೆರಡನೇ ತರಗತಿಯ ಅಂಕಕ್ಕೆ ಶೇ. 40 ತೂಕವಿತ್ತು. ಅಲ್ಲಿ ಬೋರ್ಡ್ ಶೇಕಡಾವನ್ನು ಹಸಿಹಸಿಯಾಗಿ ಕೂಡಿಸಲಿಲ್ಲ. ಆಯಾ ಬೋರ್ಡಿನಲ್ಲಿ ವಿದ್ಯಾರ್ಥಿ ಎಷ್ಟು ಮಂದಿಯನ್ನು ಹಿಂದಿಟ್ಟಿದ್ದಾನೆ ಎಂದು ಪರ್ಸೆಂಟೈಲ್ ತೆಗೆದು, ಅದಕ್ಕೆ ಹೊಂದುವ ಅಂಕವಾಗಿ ಬದಲಿಸಿಕೊಂಡು, ಆಮೇಲೆ ತೂಕ ಹಾಕುತ್ತಿದ್ದರು. 2017ರಿಂದ ಆ ಪದ್ಧತಿಯನ್ನೇ ಕೈಬಿಟ್ಟರು ನಿಜ. ಅದಕ್ಕೂ ಅದರದೇ ತಲೆನೋವುಗಳಿದ್ದವು. ಆದರೆ ತೂಕ ಹಾಕುವ ಮೊದಲು ಎರಡು ಪರೀಕ್ಷೆಗಳನ್ನು ಒಂದೇ ಅಳತೆಗೆ ತರಬೇಕು ಎಂಬ ತಿಳಿವಳಿಕೆಯಾದರೂ ಅಲ್ಲಿತ್ತು.

ಒಂದೇ ಅಳತೆಗೆ ತರುವ ಕೆಲಸ ದೊಡ್ಡದೇನಲ್ಲ. ಪ್ರತಿ ಅಂಕದಿಂದ ಆ ಪರೀಕ್ಷೆಯ ಸರಾಸರಿಯನ್ನು ಕಳೆದು, ಮಾನಕ ವಿಚಲನೆಯಿಂದ ಭಾಗಿಸಬೇಕು. ತರಗತಿಯ ಅರವತ್ತು ಮಂದಿಯ ಅಂಕ ಎಕ್ಸೆಲ್ ಹಾಳೆಯ ಬಿ ಕಂಬದಲ್ಲಿದ್ದರೆ ಇಷ್ಟು ಸಾಕು:

```
=(B2-AVERAGE(B$2:B$61))/STDEV.P(B$2:B$61)
```

ನಮ್ಮ ಐವರಿಗೆ ಇದನ್ನು ಮಾಡಿದರೆ ಅನಿತಾಗೆ ಪಿಯುಸಿಯಲ್ಲಿ +1.41, ಸಿಇಟಿಯಲ್ಲಿ -1.41 ಬರುತ್ತದೆ. ಇರ್ಫಾನ್‌ಗೆ ಅದೇ ತಿರುಗುಮುರುಗು. ಅರ್ಧ ಅರ್ಧ ಕೂಡಿಸಿದರೆ ಐವರಿಗೂ ಸೊನ್ನೆ. ಈಗ 50:50 ಎಂದರೆ ನಿಜಕ್ಕೂ 50:50. ಇಲ್ಲಿಂದ ಮುಂದೆ ಸಿಇಟಿಗೇ ಹೆಚ್ಚು ಬೆಲೆ ಕೊಡಬೇಕೆಂದು ಅನಿಸಿದರೆ 60 ಕೊಡಿ, 70 ಕೊಡಿ. ಬರೆದಷ್ಟೇ ನಡೆಯುತ್ತದೆ.

ಇದನ್ನು ಹೇಳಿದಾಗಲೆಲ್ಲ ಬರುವ ಉತ್ತರ ಒಂದೇ: ಸಾಮಾನ್ಯ ಜನರಿಗೆ ಅರ್ಥವಾಗುವುದಿಲ್ಲ. ಈಗಿನ ಪದ್ಧತಿಯಲ್ಲಿ ಹುಡುಗ ತನ್ನ ಮೊತ್ತವನ್ನು ಕ್ಯಾಲ್ಕುಲೇಟರಿನಲ್ಲಿ ತಾನೇ ಲೆಕ್ಕ ಹಾಕಿಕೊಳ್ಳಬಹುದು, ಹೊಸದರಲ್ಲಿ ಎಲ್ಲರ ಅಂಕ ಬಂದ ಮೇಲಷ್ಟೇ ಗೊತ್ತಾಗುತ್ತದೆ, ಅದು ಪಾರದರ್ಶಕವಲ್ಲ ಎನ್ನುತ್ತಾರೆ. ಆದರೆ ಆ ಹುಡುಗನಿಗೆ ಬೇಕಿರುವುದು ರ‍್ಯಾಂಕ್. ಅದು ಎಲ್ಲರ ಅಂಕ ಬರುವ ತನಕ ಇವತ್ತೂ ಗೊತ್ತಾಗುವುದಿಲ್ಲ. ತನ್ನ ಮೊತ್ತ 77 ಎಂದು ತಿಳಿದು ಅವನಿಗೆ ಆಗುವ ಲಾಭ, ಹೋದ ವರ್ಷ 77ಕ್ಕೆ ಎಷ್ಟು ರ‍್ಯಾಂಕ್ ಬಂದಿತ್ತು ಎಂದು ಯೂಟ್ಯೂಬಿನಲ್ಲಿ ಹುಡುಕುವುದಷ್ಟೇ. ಅರ್ಥವಾಗುತ್ತದೆ ಎಂಬ ಕಾರಣಕ್ಕೆ ಒಂದು ಲೆಕ್ಕವನ್ನು ಇಟ್ಟುಕೊಳ್ಳುವುದಾದರೆ ಅದು ನಿಜಕ್ಕೂ ಅರ್ಥವಾಗಿರಬೇಕು. ಅರ್ಧ ತೂಕವಿದ್ದ ಮಾತ್ರಕ್ಕೆ ಅರ್ಧ ಹಿಡಿತ ಎಂದು ಲಕ್ಷಾಂತರ ಜನ ನಂಬಿರುವಾಗ ಅರ್ಥವಾಗಿದೆ ಎನ್ನುವುದು ಹೇಗೆ?

ಕೆಲವರು ಬೇರೆ ದಿಕ್ಕಿನಿಂದ ಬರುತ್ತಾರೆ. ಸಿಇಟಿಯೇ ಮಕ್ಕಳನ್ನು ಚೆನ್ನಾಗಿ ಬೇರ್ಪಡಿಸುತ್ತದೆ, ಪಿಯುಸಿಯಲ್ಲಿ 96ಕ್ಕೂ 98ಕ್ಕೂ ಇರುವ ವ್ಯತ್ಯಾಸ ಬರವಣಿಗೆಯ ಅಂದಚೆಂದದ್ದು, ಅದನ್ನು ಹಿಗ್ಗಿಸಿ ದೊಡ್ಡದು ಮಾಡುವುದು ಏಕೆ ಎಂದು. ಈ ವಾದದಲ್ಲಿ ಹುರುಳಿದೆ. ಎಲ್ಲರೂ ನೂರರ ಗೋಡೆಗೆ ತಾಗಿ ನಿಂತಾಗ ಅವರ ನಡುವಿನ ಅಂತರವನ್ನು ಯಾವ ಸೂತ್ರವೂ ಹುಟ್ಟಿಸಲಾರದು. ಒಂದೆರಡು ಅಂಕದ ಅದೃಷ್ಟವನ್ನು ಹಿಗ್ಗಿಸಿ ತೋರಿಸಬಹುದು, ಅಷ್ಟೇ. ಅಲ್ಲಿ ಬೇಕಿರುವುದು ಪಿಯುಸಿ ಪ್ರಶ್ನೆಪತ್ರಿಕೆಯಲ್ಲಿ ಹತ್ತಿಪ್ಪತ್ತು ಅಂಕದಷ್ಟಾದರೂ ನಿಜವಾಗಿ ಕಷ್ಟದ ಪ್ರಶ್ನೆಗಳು. ಇಡೀ ರಾಜ್ಯಕ್ಕೆ ಒಂದೇ ಮಾನಕ ವಿಚಲನೆ ತೆಗೆದರೆ ನೆತ್ತಿ ಮತ್ತು ತಳದ ವ್ಯತ್ಯಾಸವೂ ಪೂರ್ತಿ ಹೋಗುವುದಿಲ್ಲ, ಅದಕ್ಕೆ ಪರ್ಸೆಂಟೈಲ್ ಹೆಚ್ಚು ಹೊಂದುತ್ತದೆ. ಆದರೆ ಹೀಗೆ ವಾದಿಸುವವರಿಗೆ ನನ್ನದೊಂದು ಮರುಪ್ರಶ್ನೆ: ಸಿಇಟಿಯೇ ನಿರ್ಧರಿಸಲಿ ಎಂಬುದು ನಿಮ್ಮ ನಿಲುವಾದರೆ ನಿಯಮದಲ್ಲಿ ಹಾಗೆಂದೇ ಬರೆಯಲು ಅಡ್ಡಿ ಏನು? ಅರ್ಧ ಕೊಟ್ಟಿದ್ದೇವೆ ಎಂದು ಪಿಯು ಉಪನ್ಯಾಸಕರನ್ನು ಸಮಾಧಾನಪಡಿಸಿ, ಒಳಗೊಳಗೇ ಆರನೇ ಒಂದು ಪಾಲು ಕೊಡುವುದು ನೀತಿಯಲ್ಲ, ನೆಪ.

ಈ ರೋಗ ಸಿಇಟಿಗೆ ಮೀಸಲಲ್ಲ. ಸೆಮಿಸ್ಟರ್ ಪದ್ಧತಿಯಲ್ಲಿ ಆಂತರಿಕ ಅಂಕಕ್ಕೂ ಅಂತಿಮ ಪರೀಕ್ಷೆಗೂ ಹೀಗೆಯೇ ತೂಕ ಹಂಚುತ್ತಾರೆ. ವಿಟಿಯುವಿನ 2018ರ ಸ್ಕೀಮಿನಲ್ಲಿ 40:60 ಇದ್ದದ್ದು ಆಮೇಲೆ 50:50 ಆಯಿತು. ಒಂದು ವಿಭಾಗದಲ್ಲಿ ಎಲ್ಲರಿಗೂ ಐವತ್ತಕ್ಕೆ 46ರಿಂದ 49 ಹಾಕಿದರೆ ಆ ಐವತ್ತು ಅಂಕ ಯಾರನ್ನೂ ಅಳೆಯುವುದಿಲ್ಲ, ಎಲ್ಲರ ಮೊತ್ತವನ್ನೂ ಒಂದೇ ಸಮ ಮೇಲೆತ್ತುತ್ತದೆ. ತೊಂದರೆ ಬರುವುದು ಪಕ್ಕದ ಕಾಲೇಜಿನ ಕಟ್ಟುನಿಟ್ಟಿನ ಮೇಷ್ಟ್ರು 32ರಿಂದ 47ರವರೆಗೆ ಪ್ರಾಮಾಣಿಕವಾಗಿ ಹಂಚಿದಾಗ. ಅವರ ತರಗತಿಯೊಳಗೆ ಆಂತರಿಕ ಅಂಕಕ್ಕೆ ಬೆಲೆ ಬಂತು, ಆದರೆ ಎರಡು ಕಾಲೇಜಿನವರೂ ಒಂದೇ ಕಂಪನಿಯ ಕ್ಯಾಂಪಸ್ ಆಯ್ಕೆಗೆ ನಿಂತಾಗ ಸೋಲುವವರು ಅವರ ಮಕ್ಕಳೇ. ಉದಾರವಾಗಿ ಅಂಕ ಹಾಕುವುದನ್ನು ಈ ಪದ್ಧತಿ ಹೀಗೆ ಕಲಿಸಿಕೊಡುತ್ತದೆ.

ನಾನು ಕೇಳುತ್ತಿರುವುದು ಸೂತ್ರ ಬದಲಾವಣೆಗಿಂತ ಮೊದಲಿನದ್ದು, ಸುಲಭದ್ದು ಕೂಡ. ರ‍್ಯಾಂಕ್ ಪಟ್ಟಿ ಬಿಡುವ ದಿನ ಪ್ರಾಧಿಕಾರ ಅದರ ಜೊತೆಗೆ ಒಂದು ಪುಟ ಸೇರಿಸಲಿ. ಅದರಲ್ಲಿ ಪಿಯುಸಿ ಮತ್ತು ಸಿಇಟಿ ಶೇಕಡಾಗಳ ಸರಾಸರಿ ಹಾಗೂ ಮಾನಕ ವಿಚಲನೆ ಇರಲಿ: ಎಲ್ಲ ಅಭ್ಯರ್ಥಿಗಳಿಗೆ ಒಮ್ಮೆ, ಮೊದಲ ಹತ್ತು ಸಾವಿರ ರ‍್ಯಾಂಕಿನವರಿಗೆ ಒಮ್ಮೆ, ಬೋರ್ಡುವಾರು ಒಮ್ಮೆ. ಅಂಕಗಳೆಲ್ಲ ಅವರ ಕಂಪ್ಯೂಟರಿನಲ್ಲೇ ಇವೆ, ಒಂದು ಮಧ್ಯಾಹ್ನದ ಕೆಲಸ. ಆ ಪುಟ ಬಂದರೆ ಪಿಯುಸಿಗೆ ಕೊಟ್ಟ ಅರ್ಧ ಯಾವ ರ‍್ಯಾಂಕಿನ ಹತ್ತಿರ ಎಷ್ಟಾಗಿ ಉಳಿದಿದೆ ಎಂಬುದನ್ನು ಪಿಯು ಕಾಲೇಜಿನ ಯಾವ ಗಣಿತ ಉಪನ್ಯಾಸಕರಾದರೂ ಕರಿಹಲಗೆಯ ಮೇಲೆ ಬಿಡಿಸಿ ತೋರಿಸಬಲ್ಲರು. 60:40 ಬೇಕೋ 50:50 ಬೇಕೋ ಎಂಬ ಚರ್ಚೆಗೆ ಮುಂದಿನ ಸಮಿತಿ ಕೂರುವುದು ಆ ಪುಟವನ್ನು ಮುಂದಿಟ್ಟುಕೊಂಡ ಮೇಲೆ ಆಗಲಿ.